ಹೆಚ್ಚು ಮತ, ಕಡಿಮೆ ಸೀಟು: ನ್ಯೂಜಿಲೆಂಡ್ ತನ್ನ ಚುನಾವಣಾ ಲೆಕ್ಕವನ್ನೇ ಬದಲಿಸಿಕೊಂಡ ಕಥೆ

2018ರ ಮೇ ತಿಂಗಳಲ್ಲಿ ಕರ್ನಾಟಕ ವಿಧಾನಸಭೆಯ 222 ಕ್ಷೇತ್ರಗಳ ಫಲಿತಾಂಶ ಬಂತು. ಕಾಂಗ್ರೆಸ್‌ಗೆ ಶೇ 38ರಷ್ಟು ಮತ, 78 ಸೀಟು. ಬಿಜೆಪಿಗೆ ಶೇ 36ರಷ್ಟು ಮತ, 104 ಸೀಟು. ಎಣಿಕೆಯಲ್ಲಿ ಯಾವ ತಪ್ಪೂ ಆಗಿರಲಿಲ್ಲ. ನಮ್ಮ ಪದ್ಧತಿಯಲ್ಲಿ ರಾಜ್ಯದ ಒಟ್ಟು ಮತವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಡೆಯುವುದು 222 ಬೇರೆ ಬೇರೆ ಪಂದ್ಯ, ಪ್ರತಿಯೊಂದರಲ್ಲೂ ಒಂದು ಮತ ಮುಂದಿದ್ದರೂ ಗೆಲುವೇ.

ಹೀಗಾಗಿ ಮತ ಎಷ್ಟು ಬಂತು ಎನ್ನುವುದರಷ್ಟೇ ಎಲ್ಲಿ ಬಂತು ಎನ್ನುವುದೂ ಮುಖ್ಯ. ಆ ಸಲ ಬಿಜೆಪಿ ಕರಾವಳಿಯ ಮೂರು ಜಿಲ್ಲೆಗಳ 19 ಕ್ಷೇತ್ರಗಳಲ್ಲಿ 16 ಗೆದ್ದಿತು. ಹಳೇ ಮೈಸೂರಿನ ಅನೇಕ ಕ್ಷೇತ್ರಗಳಲ್ಲಿ ಅದಕ್ಕೆ ಮತವೇ ಕಡಿಮೆ, ಅಂದರೆ ಸೋತ ಕಡೆ ವ್ಯರ್ಥವಾದ ಮತವೂ ಕಡಿಮೆ. ಕಾಂಗ್ರೆಸ್ ಮತ ರಾಜ್ಯದುದ್ದಕ್ಕೂ ಹರಡಿತ್ತು. ಎಷ್ಟೋ ಕಡೆ ಅದು ಎರಡನೇ ಸ್ಥಾನಕ್ಕೆ ನಿಂತಿತು, ಎರಡನೇ ಸ್ಥಾನಕ್ಕೆ ಸೀಟಿಲ್ಲ.

2023ರ ಫಲಿತಾಂಶ ಇನ್ನೂ ಚೆನ್ನಾಗಿ ಪಾಠ ಹೇಳುತ್ತದೆ. ಬಿಜೆಪಿಯ ಮತ ಈ ಸಲವೂ ಶೇ 36ರ ಆಸುಪಾಸಿನಲ್ಲೇ ಇತ್ತು, ಸೀಟು ಮಾತ್ರ 66ಕ್ಕೆ ಇಳಿಯಿತು. ಜೆಡಿಎಸ್ ಶೇ 18ರಿಂದ 13ಕ್ಕೆ ಕುಸಿಯಿತು, ಕಾಂಗ್ರೆಸ್ ಸುಮಾರು ಶೇ 43ಕ್ಕೆ ಏರಿ 135 ಸೀಟು ಪಡೆಯಿತು. ಒಂದು ಪಕ್ಷದ ಬೆಂಬಲ ಅಲುಗಾಡದಿದ್ದರೂ ಎದುರಾಳಿಗಳ ಮತ ಒಗ್ಗೂಡಿತೋ ಒಡೆಯಿತೋ ಎನ್ನುವುದರ ಮೇಲೆ ಅದರ ಸೀಟು ಏರಿಳಿಯುತ್ತದೆ.

ಈ ಪದ್ಧತಿ ನಮಗೆ ಬಂದದ್ದು ಬ್ರಿಟಿಷರಿಂದ. ಸಂವಿಧಾನ ಸಭೆಯಲ್ಲಿ 1949ರ ಜನವರಿ 4ರಂದು ಕಾಜಿ ಸೈಯದ್ ಕರೀಮುದ್ದೀನ್ ಬಂದ ಮತದ ಪ್ರಮಾಣಕ್ಕೆ ತಕ್ಕಂತೆ ಸೀಟು ಹಂಚುವ ಪ್ರಮಾಣಾನುಗುಣ ಪ್ರಾತಿನಿಧ್ಯದ ಪರ ತಿದ್ದುಪಡಿ ಮಂಡಿಸಿದ್ದರು. ಅಷ್ಟು ಸಂಕೀರ್ಣ ಮತದಾನಕ್ಕೆ ಬೇಕಾದ ಅಕ್ಷರಜ್ಞಾನ ದೇಶದಲ್ಲಿಲ್ಲ, ಸದನ ಸಣ್ಣ ಸಣ್ಣ ಗುಂಪುಗಳಾಗಿ ಒಡೆದು ಸರ್ಕಾರಗಳು ನಿಲ್ಲುವುದಿಲ್ಲ ಎಂದು ಅಂಬೇಡ್ಕರ್ ಉತ್ತರಿಸಿದರು. ತಿದ್ದುಪಡಿ ಬಿದ್ದುಹೋಯಿತು. ಆದರೆ ಶಾಸಕರು ರಾಜ್ಯಸಭಾ ಸದಸ್ಯರನ್ನು ಆರಿಸುವಾಗ ಇಂದಿಗೂ ಅದೇ ತತ್ವದ ಒಂದು ರೂಪ ನಡೆಯುತ್ತದೆ.

ಅದೇ ಬ್ರಿಟಿಷ್ ಪದ್ಧತಿಯನ್ನು ಬಳಸುತ್ತಿದ್ದ ನ್ಯೂಜಿಲೆಂಡ್ ಮಾತ್ರ ಅದನ್ನು ಕೈಬಿಟ್ಟಿತು. 1978ರಲ್ಲಿ ಅಲ್ಲಿನ ಲೇಬರ್ ಪಕ್ಷಕ್ಕೆ ಶೇ 40.4 ಮತ, ನ್ಯಾಷನಲ್ ಪಕ್ಷಕ್ಕೆ ಶೇ 39.8. ಒಟ್ಟು 92 ಸೀಟುಗಳಲ್ಲಿ ಲೇಬರ್‌ಗೆ 40, ನ್ಯಾಷನಲ್‌ಗೆ 51. ಲೇಬರ್‌ನ ಮತ ನಗರಗಳ ಕಾರ್ಮಿಕ ಬಡಾವಣೆಗಳಲ್ಲಿ ರಾಶಿ ಬಿದ್ದಿತ್ತು. ಅಲ್ಲಿ ಭಾರೀ ಅಂತರದಿಂದ ಗೆದ್ದರೂ ಸಿಗುವುದು ಒಂದೊಂದೇ ಸೀಟು. 1981ರಲ್ಲೂ ಇದೇ ಪುನರಾವರ್ತನೆಯಾಯಿತು. ಆ ಸಲ ಶೇ 20ಕ್ಕೂ ಹೆಚ್ಚು ಮತ ಪಡೆದ ಸೋಷಿಯಲ್ ಕ್ರೆಡಿಟ್ ಎಂಬ ಮೂರನೇ ಪಕ್ಷಕ್ಕೆ ದಕ್ಕಿದ್ದು ಎರಡೇ ಸೀಟು. ಐವರಲ್ಲಿ ಒಬ್ಬ ಮತದಾರ ಆ ಪಕ್ಷದ ಕಡೆಗಿದ್ದರೂ ಅವರು ಎಲ್ಲ ಕಡೆ ಸ್ವಲ್ಪ ಸ್ವಲ್ಪ ಇದ್ದರು. ಈ ಪದ್ಧತಿ ಅತಿ ಕಠಿಣವಾಗಿ ಶಿಕ್ಷಿಸುವುದು ಇಂಥ ಪಕ್ಷಗಳನ್ನೇ.

ಎರಡು ಸಲ ಹೆಚ್ಚು ಮತ ಪಡೆದೂ ಸೋತ ಲೇಬರ್, 1984ರಲ್ಲಿ ಅಧಿಕಾರಕ್ಕೆ ಬಂದು ಮರುವರ್ಷ ಚುನಾವಣಾ ಪದ್ಧತಿಯನ್ನು ಪರಿಶೀಲಿಸಲು ರಾಯಲ್ ಕಮಿಷನ್ ಎಂಬ ಉನ್ನತ ಸಮಿತಿಯನ್ನು ನೇಮಿಸಿತು. ಕಾನೂನು ಪ್ರಾಧ್ಯಾಪಕರಾಗಿದ್ದ ನ್ಯಾಯ ಸಚಿವ ಜೆಫ್ರಿ ಪಾಮರ್ ಇದರ ಹಿಂದಿದ್ದರು. 1986ರ ವರದಿ ಜರ್ಮನಿಯ ಮಾದರಿಯ ಮಿಶ್ರ ಪದ್ಧತಿಯನ್ನು ಸೂಚಿಸಿತು. ಗೆದ್ದು ಕೂತ ಮೇಲೆ ಗೆಲ್ಲಿಸಿದ ನಿಯಮ ಬದಲಿಸಲು ಯಾರಿಗೆ ಮನಸ್ಸು ಬರುತ್ತದೆ? ವರದಿ ಮೂಲೆ ಸೇರುವುದರಲ್ಲಿತ್ತು. 1987ರ ಟಿವಿ ಚರ್ಚೆಯಲ್ಲಿ ಪ್ರಧಾನಿ ಡೇವಿಡ್ ಲಾಂಗಿ ಜನಮತಗಣನೆಯ ಭರವಸೆ ಕೊಟ್ಟುಬಿಟ್ಟರು. ಟಿಪ್ಪಣಿಯನ್ನು ತಪ್ಪಾಗಿ ಓದಿ ಹಾಗೆಂದರು ಎಂಬ ಮಾತು ಅಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಲೇಬರ್ ಆ ಮಾತು ಉಳಿಸಿಕೊಳ್ಳಲಿಲ್ಲ, ನ್ಯಾಷನಲ್ ಪಕ್ಷ ಅದನ್ನೇ ಎತ್ತಿಕೊಂಡು ತಾನೇ ನಡೆಸುತ್ತೇನೆಂದಿತು. ಅಷ್ಟರಲ್ಲಿ ಎರಡೂ ಪಕ್ಷಗಳು ಜನರನ್ನು ಕೇಳದೆ ಹೇರಿದ ಆರ್ಥಿಕ ಸುಧಾರಣೆಗಳಿಂದ ಮತದಾರರು ರೋಸಿಹೋಗಿದ್ದರು. 1992ರ ಜನಮತಗಣನೆಯಲ್ಲಿ ಸುಮಾರು ಶೇ 85 ಮಂದಿ ಬದಲಾವಣೆ ಬೇಕೆಂದರು. 1993ರ ಅಂತಿಮ ಮತದಾನದಲ್ಲಿ ಹೊಸ ಪದ್ಧತಿಗೆ ಶೇ 53.9 ಬೆಂಬಲ ಸಿಕ್ಕಿತು. ಪದ್ಧತಿಗಿಂತ ರಾಜಕಾರಣಿಗಳ ಮೇಲಿನ ಸಿಟ್ಟೇ ಇದನ್ನು ಗೆಲ್ಲಿಸಿತು ಎನ್ನುವುದು ನನ್ನ ಅನಿಸಿಕೆ.

1996ರಿಂದ ಅಲ್ಲಿ ಪ್ರತಿ ಮತದಾರನಿಗೂ ಎರಡು ಮತ. ಒಂದು ತನ್ನ ಕ್ಷೇತ್ರದ ಅಭ್ಯರ್ಥಿಗೆ, ಅದು ಹಳೆಯ ಕ್ರಮವೇ. ಇನ್ನೊಂದು ಪಕ್ಷಕ್ಕೆ. ಸದನದಲ್ಲಿ ಪಕ್ಷದ ಒಟ್ಟು ಬಲವನ್ನು ತೀರ್ಮಾನಿಸುವುದು ಈ ಎರಡನೆಯದು. ಪಕ್ಷಗಳ ಮತವನ್ನು 1, 3, 5, 7 ಹೀಗೆ ಬೆಸಸಂಖ್ಯೆಗಳಿಂದ ಭಾಗಿಸುತ್ತಾ ಹೋಗಿ, ಬರುವ ಭಾಗಲಬ್ಧಗಳಲ್ಲಿ ದೊಡ್ಡದರಿಂದ ಶುರುಮಾಡಿ ಸೀಟು ಹಂಚುತ್ತಾರೆ. ಒಂದು ಕಲ್ಪಿತ ಉದಾಹರಣೆ ನೋಡಿ. ಮೂರು ಪಕ್ಷಗಳಿಗೆ 48, 33, 19 ಸಾವಿರ ಮತ ಬಂದಿದೆ, ಸೀಟು ಆರು. ಮೊದಲ ಪಕ್ಷದ ಭಾಗಲಬ್ಧಗಳು 48, 16, 9.6, ಎರಡನೆಯದರವು 33, 11, 6.6, ಮೂರನೆಯದರವು 19, 6.3. ದೊಡ್ಡ ಆರು ಯಾವುವೆಂದರೆ 48, 33, 19, 16, 11, 9.6. ಹಾಗಾಗಿ ಸೀಟು ಮೂರು, ಎರಡು, ಒಂದು. ಇದೇ ಮತಗಳು ಆರೂ ಕ್ಷೇತ್ರಗಳಲ್ಲಿ ಒಂದೇ ಪ್ರಮಾಣದಲ್ಲಿ ಹರಡಿದ್ದರೆ ನಮ್ಮ ಪದ್ಧತಿಯಲ್ಲಿ ಮೊದಲ ಪಕ್ಷಕ್ಕೆ ಆರಕ್ಕೆ ಆರು.

ಹೀಗೆ ಬಂದ ಪಾಲಿನಿಂದ ಪಕ್ಷ ಕ್ಷೇತ್ರಗಳಲ್ಲಿ ಗೆದ್ದ ಸೀಟುಗಳನ್ನು ಕಳೆದು, ಉಳಿದದ್ದನ್ನು ಪಕ್ಷ ಮೊದಲೇ ಪ್ರಕಟಿಸಿದ ಪಟ್ಟಿಯಿಂದ ತುಂಬುತ್ತಾರೆ. 2017ರಲ್ಲಿ ನ್ಯಾಷನಲ್ ಪಕ್ಷದ ಪಾಲು 56. ಅದು 41 ಕ್ಷೇತ್ರ ಗೆದ್ದಿದ್ದರಿಂದ ಪಟ್ಟಿಯಿಂದ ಬಂದವರು 15 ಮಂದಿ. ಶೇ 6.3 ಮತ ಪಡೆದ ಗ್ರೀನ್ ಪಕ್ಷ ಒಂದು ಕ್ಷೇತ್ರವನ್ನೂ ಗೆಲ್ಲಲಿಲ್ಲ, ಆದರೂ ಪಟ್ಟಿಯಿಂದ ಎಂಟು ಸದಸ್ಯರು ಬಂದರು. ನ್ಯಾಷನಲ್‌ಗೆ ಸಿಕ್ಕಿದ್ದು ಶೇ 44.4 ಮತ, 120ರಲ್ಲಿ ಅದರ ನಿಖರ ಪಾಲು 53. ಹೆಚ್ಚುವರಿ ಮೂರು ಬಂದದ್ದು ಎಲ್ಲಿಂದ ಎಂದು ಹುಡುಕಿದರೆ ಈ ಪದ್ಧತಿಯ ಸಂದು ಕಾಣುತ್ತದೆ. ಶೇ 5 ಮತ ಅಥವಾ ಒಂದು ಕ್ಷೇತ್ರ, ಎರಡರಲ್ಲಿ ಒಂದಾದರೂ ಇಲ್ಲದ ಪಕ್ಷವನ್ನು ಹಂಚಿಕೆಗೆ ಸೇರಿಸುವುದಿಲ್ಲ. ಅವುಗಳ ಪಾಲು ಉಳಿದ ಪಕ್ಷಗಳಿಗೆ ಹೋಗುತ್ತದೆ.

ಈ ನಿಯಮ 2008ರಲ್ಲಿ ವಿಚಿತ್ರ ಫಲ ಕೊಟ್ಟಿತು. ಶೇ 4ಕ್ಕಿಂತ ತುಸು ಹೆಚ್ಚು ಮತ ಪಡೆದ ನ್ಯೂಜಿಲೆಂಡ್ ಫಸ್ಟ್ ಪಕ್ಷಕ್ಕೆ ಸೊನ್ನೆ. ಅದಕ್ಕಿಂತ ಕಡಿಮೆ, ಶೇ 3.65 ಪಡೆದ ಆ್ಯಕ್ಟ್ ಪಕ್ಷ ಎಪ್ಸಮ್ ಎಂಬ ಒಂದೇ ಕ್ಷೇತ್ರ ಗೆದ್ದ ಕಾರಣ ಐದು ಸದಸ್ಯರೊಂದಿಗೆ ಸದನ ಹೊಕ್ಕಿತು. ಮತ್ತೆ ಕ್ಷೇತ್ರದ ಗಡಿಯೇ ಆಟ ಆಡಿಸಿತ್ತು.

ಅಂಬೇಡ್ಕರ್ ಹೇಳಿದ ಅಸ್ಥಿರತೆಯ ಆತಂಕವನ್ನೂ ಅಲ್ಲಿನವರು ಅನುಭವಿಸಿದರು. 1996ರ ಅಕ್ಟೋಬರ್‌ನಲ್ಲಿ ಚುನಾವಣೆ ಮುಗಿದರೂ ಮೈತ್ರಿ ಕುದುರಿದ್ದು ಡಿಸೆಂಬರ್‌ನಲ್ಲಿ. 2017ರಲ್ಲಿ ಅತಿ ಹೆಚ್ಚು ಸೀಟಿನ ನ್ಯಾಷನಲ್ ಹೊರಗುಳಿದು, ಎರಡನೇ ಸ್ಥಾನದ ಲೇಬರ್ ಮಿತ್ರರ ಜೊತೆ ಸರ್ಕಾರ ಮಾಡಿತು. 2011ರಲ್ಲಿ ಪದ್ಧತಿ ಇರಲೋ ಬೇಡವೋ ಎಂದು ಮತ್ತೆ ಕೇಳಿದಾಗ ಶೇ 57ಕ್ಕೂ ಹೆಚ್ಚು ಜನ ಇರಲಿ ಎಂದರು.

ಶೇ 5ರ ಮಿತಿಯ ಜಗಳ ಮಾತ್ರ ಬಗೆಹರಿದಿಲ್ಲ. ರಾಯಲ್ ಕಮಿಷನ್ ಸೂಚಿಸಿದ್ದೇ ಶೇ 4, ಕಾನೂನು ಮಾಡುವಾಗ ಸಂಸತ್ತು ಅದನ್ನು ಏರಿಸಿತು. 2012ರಲ್ಲಿ ಅಲ್ಲಿನ ಚುನಾವಣಾ ಆಯೋಗ ಮತ್ತೆ ಶೇ 4ಕ್ಕೆ ಇಳಿಸಿ, ಒಂದು ಕ್ಷೇತ್ರದ ರಿಯಾಯಿತಿ ತೆಗೆಯಿರಿ ಎಂದಿತು. 2023ರ ಚುನಾವಣೆ ನಡೆದದ್ದೂ ಶೇ 5ರ ಮಿತಿಯಲ್ಲೇ. ಅದನ್ನು ಬದಲಿಸುವ ಅಧಿಕಾರ ಇರುವುದು ಆ ಮಿತಿಯನ್ನು ದಾಟಿ ಸದನಕ್ಕೆ ಬಂದವರ ಕೈಯಲ್ಲಿ.