ಮರುನೋಂದಣಿ: ಪಿಎಚ್‌ಡಿಯ ಗಡುವು ಮೀರುವಾಗ ಎದುರಾಗುವ ಪದ

ಸಂಶೋಧನಾರ್ಥಿಗಳ ಬಾಯಲ್ಲಿ ಅದು ‘ಎಕ್ಸ್‌ಟೆನ್ಷನ್’. ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿ ಅದನ್ನು ಮರುನೋಂದಣಿ ಎನ್ನುತ್ತದೆ. ಎರಡೂ ಒಂದೇ ಎಂದುಕೊಂಡವರು ಕೊನೆಯ ವರ್ಷದಲ್ಲಿ ಪೇಚಿಗೆ ಸಿಲುಕುತ್ತಾರೆ. ಗಡುವು ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ನೋಂದಣಿಯ ಅವಧಿ ಮುಗಿಯುತ್ತದೆ, ಅದನ್ನು ಮತ್ತೆ ಮಾಡಿಸಿಕೊಳ್ಳಬೇಕು. ಮಾಡಿಸಿಕೊಡುವುದು ವಿಶ್ವವಿದ್ಯಾಲಯದ ತೀರ್ಮಾನವೇ ಹೊರತು ಕೇಳಿದವರ ಹಕ್ಕಲ್ಲ.

ಲೆಕ್ಕ ಹೀಗಿದೆ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಹೆಚ್ಚೆಂದರೆ ಎರಡು ವರ್ಷ ಸಿಗುತ್ತದೆ, ಒಟ್ಟು ಎಂಟನ್ನು ಮೀರುವಂತಿಲ್ಲ. ಮಹಿಳೆಯರಿಗೂ ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಇನ್ನೆರಡು ವರ್ಷದ ಸಡಿಲಿಕೆ ಕೊಡಬಹುದು, ಆಗ ಮಿತಿ ಹತ್ತು. ಐಐಟಿಗಳಿಗೆ ಅವುಗಳದೇ ನಿಯಮಗಳಿವೆ. ಯುಜಿಸಿಯ ಈ ಲೆಕ್ಕದಲ್ಲಿ ಹಲವರು ಎಡವುವುದು ಎಣಿಕೆಯ ಆರಂಭದಲ್ಲಿ. ವಿಷಯಕ್ಕೆ ಒಪ್ಪಿಗೆ ಸಿಕ್ಕ ದಿನದಿಂದಲೋ ಕೋರ್ಸ್‌ವರ್ಕ್ ಮುಗಿದ ದಿನದಿಂದಲೋ ಆರು ವರ್ಷ ಎಣಿಸುತ್ತಾರೆ. ಎಣಿಸಬೇಕಾದದ್ದು ಪ್ರವೇಶ ಪಡೆದ ದಿನದಿಂದ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಪಶ್ಚಿಮ ಘಟ್ಟದ ಕಪ್ಪೆಗಳ ಕೂಗನ್ನು ಅಧ್ಯಯನ ಮಾಡುವ ಒಬ್ಬ ಸಂಶೋಧಕ 2023ರ ಫೆಬ್ರುವರಿಯಲ್ಲಿ ಸೇರಿದ. ಅವನ ಆರು ವರ್ಷ 2029ರ ಜನವರಿಗೆ ಮುಗಿಯುತ್ತದೆ. ಮೊದಲ ವರ್ಷ ಕೋರ್ಸ್‌ವರ್ಕ್‌ಗೆ ಹೋಯಿತು. ಅವನ ಸಂಸ್ಥೆಯಲ್ಲಿ ಅದರ ಬೆನ್ನಿಗೇ ಕಾಂಪ್ರಿಹೆನ್ಸಿವ್ ಪರೀಕ್ಷೆ ಇದೆ. ಯುಜಿಸಿ ಕೇಳುವುದು ಕೋರ್ಸ್‌ವರ್ಕ್‌ನಲ್ಲಿ ಶೇ 55 ಅಂಕವನ್ನು; ಕಾಂಪ್ರಿಹೆನ್ಸಿವ್ ಆಯಾ ಸಂಸ್ಥೆ ಇಟ್ಟುಕೊಂಡ ಹೆಬ್ಬಾಗಿಲು. ಸಮಿತಿಯ ಮುಂದೆ ಕುಳಿತು, ಸ್ವಂತ ವಿಷಯವನ್ನಷ್ಟೇ ಅಲ್ಲ, ಅದು ನಿಂತಿರುವ ಇಡೀ ಶಾಸ್ತ್ರದ ಬಗ್ಗೆ ಉತ್ತರಿಸಬೇಕು. ಕಪ್ಪೆಯ ಕೂಗನ್ನು ಚೆನ್ನಾಗಿ ಬಲ್ಲ ನಮ್ಮ ಸಂಶೋಧಕ ಸಂಖ್ಯಾಶಾಸ್ತ್ರದ ಪ್ರಶ್ನೆಗಳಲ್ಲಿ ಮುಗ್ಗರಿಸಿದ. ಎರಡನೇ ಅವಕಾಶ ಸಿಕ್ಕಿ ಪಾಸಾಗುವ ಹೊತ್ತಿಗೆ ಆರು ತಿಂಗಳು ಕಳೆದಿದ್ದವು.

ಮುಂದಿನ ಪೆಟ್ಟು ಅವನ ಕೈಯಲ್ಲಿರಲಿಲ್ಲ. ಅಭಯಾರಣ್ಯದೊಳಗೆ ಕೆಲಸ ಮಾಡಲು ಅರಣ್ಯ ಇಲಾಖೆಯ ಅನುಮತಿ ಬೇಕು. 2025ರ ಮಾರ್ಚ್‌ನಲ್ಲಿ ಹಾಕಿದ ಅರ್ಜಿಗೆ ಸೆಪ್ಟೆಂಬರ್‌ನಲ್ಲಿ ಉತ್ತರ ಬಂತು. ಕಾಗದದಲ್ಲಿ ಅದು ಆರು ತಿಂಗಳ ವಿಳಂಬ. ಆದರೆ ಅವನ ಕಪ್ಪೆಗಳು ಕೂಗುವುದು ಮಳೆಗಾಲದಲ್ಲಿ, ಆದ್ದರಿಂದ ನಿಜವಾದ ನಷ್ಟ ಒಂದು ವರ್ಷ. ಮೂರು ಮಳೆಗಾಲದ ಧ್ವನಿಮುದ್ರಣ ಬೇಕಿದ್ದವನಿಗೆ ಕೊನೆಯದು 2028ಕ್ಕೆ ಬೀಳುತ್ತದೆ. ವಿಶ್ಲೇಷಣೆಗೂ ಮಹಾಪ್ರಬಂಧಕ್ಕೂ ಉಳಿಯುವುದು ನಾಲ್ಕೇ ತಿಂಗಳು.

ಇಲ್ಲಿ ಪ್ರಗತಿ ವರದಿ ಪ್ರವೇಶಿಸುತ್ತದೆ. ವರ್ಷಕ್ಕೊಮ್ಮೆ ಎಂಬ ರೂಢಿ ಕೆಲವೆಡೆ ಇದ್ದರೂ, 2022ರ ನಿಯಮದಂತೆ ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಕೆಲಸವನ್ನು ಮಂಡಿಸಿ ಚಿಕ್ಕ ವರದಿ ಕೊಡಬೇಕು. ಈ ಸಮಿತಿಯ ಸಂಚಾಲಕರು ಮಾರ್ಗದರ್ಶಕರೇ. ಪ್ರಗತಿ ತೃಪ್ತಿಕರವಲ್ಲದಿದ್ದರೆ ಸಮಿತಿ ಕಾರಣ ಬರೆದು ಪರಿಹಾರ ಸೂಚಿಸುತ್ತದೆ. ಅದನ್ನೂ ಪಾಲಿಸದಿದ್ದರೆ ನೋಂದಣಿ ರದ್ದತಿಗೆ ಶಿಫಾರಸು ಮಾಡಬಹುದು. ಹೀಗಾಗಿ ಹಲವರು ಹೆದರಿ ‘ಕೆಲಸ ಯೋಜನೆಯಂತೆ ಸಾಗಿದೆ’ ಎಂಬ ಒಂದೇ ವಾಕ್ಯವನ್ನು ಸೆಮಿಸ್ಟರ್‌ನಿಂದ ಸೆಮಿಸ್ಟರ್‌ಗೆ ನಕಲು ಮಾಡುತ್ತಾರೆ. ನನ್ನ ಪ್ರಕಾರ ಇದರಷ್ಟು ದುಬಾರಿ ವಾಕ್ಯ ಪಿಎಚ್‌ಡಿಯಲ್ಲಿ ಬೇರೊಂದಿಲ್ಲ. ಆರನೇ ವರ್ಷದಲ್ಲಿ ವಿಳಂಬದ ಕಾರಣ ಹೇಳಹೊರಟಾಗ ಸಮಿತಿ ಹಳೆಯ ವರದಿಗಳನ್ನು ತೆಗೆದು ನೋಡಿದರೆ, ಅಲ್ಲಿ ವಿಳಂಬವೇ ಇರುವುದಿಲ್ಲ.

ನಮ್ಮ ಸಂಶೋಧಕ 2025ರ ವರದಿಯಲ್ಲೇ ಅರ್ಜಿ ಹಾಕಿದ ದಿನಾಂಕ, ಅನುಮತಿ ಬಂದ ದಿನಾಂಕ, ಕೈತಪ್ಪಿದ ಮಳೆಗಾಲ ಮೂರನ್ನೂ ದಾಖಲಿಸಿದ್ದ. ಹಾಗಾಗಿ 2028ರ ಆಗಸ್ಟ್‌ನಲ್ಲಿ ಅವನು ಬರೆಯುವ ಮನವಿ ಒಂದೇ ಪುಟದಲ್ಲಿ ಮುಗಿಯಬಹುದು. ಮುಗಿದ ಅಧ್ಯಾಯಗಳು ಯಾವುವು, ಬಾಕಿ ಏನು, ಬಾಕಿ ಕೆಲಸ ಯಾವ ತಿಂಗಳಲ್ಲಿ ಮುಗಿಯುತ್ತದೆ, ಹಳೆಯ ವರದಿಯ ಪ್ರತಿ, ಮಾರ್ಗದರ್ಶಕರ ಶಿಫಾರಸು. ಕಾಂಪ್ರಿಹೆನ್ಸಿವ್‌ನಲ್ಲಿ ಕಳೆದ ಆರು ತಿಂಗಳನ್ನು ಮುಚ್ಚಿಡುವ ಅಗತ್ಯವಿಲ್ಲ, ಆದರೆ ಅದನ್ನೇ ಮುಖ್ಯ ಕಾರಣ ಮಾಡಿದರೆ ಮನವಿ ಸೊರಗುತ್ತದೆ. ಕೇಳುವುದೂ ಎರಡು ವರ್ಷವನ್ನಲ್ಲ, ವೇಳಾಪಟ್ಟಿ ಸಮರ್ಥಿಸುವ ಹನ್ನೆರಡು ತಿಂಗಳನ್ನು. ಮನವಿ ವಿಭಾಗದಿಂದ ಕುಲಸಚಿವರ ಕಚೇರಿಯವರೆಗೆ ಮೇಜಿನಿಂದ ಮೇಜಿಗೆ ಸಾಗಬೇಕಾದ್ದರಿಂದ, ಜನವರಿಯಲ್ಲಿ ಕೊಟ್ಟರೆ ತಡವಾಗುತ್ತದೆ.

ಒಂದು ವಿಷಯ ಮಾತ್ರ ಈ ಪತ್ರದಿಂದ ಬಗೆಹರಿಯುವುದಿಲ್ಲ. ಯುಜಿಸಿಯ ಜೆಆರ್‌ಎಫ್ ಪಡೆದವರಿಗೆ ಫೆಲೋಶಿಪ್ ಒಟ್ಟು ಐದು ವರ್ಷ. ಮರುನೋಂದಣಿ ಮುಂದಕ್ಕೆ ಒಯ್ಯುವುದು ನೋಂದಣಿಯನ್ನು, ಫೆಲೋಶಿಪ್ಪನ್ನಲ್ಲ. ಸೇರಿದ ದಿನದಿಂದಲೇ ಅದನ್ನು ಪಡೆದಿದ್ದರೆ, ಕೊನೆಯ ಮಳೆಗಾಲಕ್ಕೆ ಧ್ವನಿಮುದ್ರಣ ಯಂತ್ರ ಹೊತ್ತು ಕಾಡಿಗೆ ಹೋಗುವ ಹೊತ್ತಿಗೆ ನಮ್ಮ ಸಂಶೋಧಕನ ಖಾತೆಗೆ ಹಣ ಬರುವುದು ನಿಂತು ನಾಲ್ಕು ತಿಂಗಳಾಗಿರುತ್ತದೆ.