ಪಾರ್ಲರ್ ಕರೆಂಟ್ ಬಿಲ್ಲು: ಸೋಲಾರ್ ಕೊಳ್ಳುವ ಮೊದಲು ಮಾಳಿಗೆ ಹತ್ತಿ ನೋಡಿ

ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನೀರಿಗೆ ಕೈಯೊಡ್ಡಿದರೆ ಹಿಂದಕ್ಕೆ ಎಳೆದುಕೊಳ್ಳಬೇಕು, ಅಷ್ಟು ಬಿಸಿ. ಅದೇ ಹೊತ್ತಿಗೆ ಕೆಳಗಿನ ಪಾರ್ಲರ್‌ನಲ್ಲಿ ಗೀಸರ್‌ನ ಕೆಂಪು ದೀಪ ಉರಿಯುತ್ತಿರುತ್ತದೆ. ಬೆಳಿಗ್ಗೆ ಅಂಗಡಿ ತೆರೆದಾಗ ಹಾಕಿದ ಸ್ವಿಚ್ಚು, ರಾತ್ರಿ ಬಾಗಿಲು ಹಾಕುವವರೆಗೆ ಯಾರೂ ಮುಟ್ಟಿರುವುದಿಲ್ಲ. ಇದನ್ನು ಬಿಟ್ಟು ನೇರವಾಗಿ 'ಸೋಲಾರ್ ವಾಟರ್ ಹೀಟರ್ ಹಾಕಿಸೋಣ' ಎಂದು ಹೊರಟರೆ ದುಡ್ಡು ತಡವಾಗಿ ವಾಪಸ್ ಬರುತ್ತದೆ. ನಮ್ಮ ಕಡೆಯ ಬಿಸಿಲಿನಲ್ಲಿ ಯಾವುದನ್ನು ಮೊದಲು ಬದಲಿಸಬೇಕು ಎಂಬ ಲೆಕ್ಕ ಮೈಸೂರಿಗೋ ಮಡಿಕೇರಿಗೋ ಹಾಕುವ ಲೆಕ್ಕವಲ್ಲ.

ಒಂದು ಸಾಧಾರಣ ಪಾರ್ಲರ್ ಇಟ್ಟುಕೊಳ್ಳೋಣ. ಎರಡು ಮಹಡಿ ಕಟ್ಟಡದ ನೆಲಮಹಡಿ, ಮೂರು ಕುರ್ಚಿ, ಒಂದು ಶಾಂಪೂ ಬೇಸಿನ್, ಹಿಂದೆ ಫೇಶಿಯಲ್‌ಗೆ ಸಣ್ಣ ಕೋಣೆ. ಹಳೆಯ ಒಂದೂವರೆ ಟನ್ ಎಸಿ, 15 ಲೀಟರ್ ಗೀಸರ್, ನಾಲ್ಕು ಫ್ಯಾನ್, ಚೋಕ್ ಇರುವ ಎಂಟು ಹಳೆಯ ಟ್ಯೂಬ್‌ಲೈಟ್. ದಿನಕ್ಕೆ ಹತ್ತು ಗಂಟೆ, ತಿಂಗಳಿಗೆ 26 ದಿನ ಕೆಲಸ. ಲೆಕ್ಕ ಸುಲಭವಾಗಲಿ ಎಂದು ಯೂನಿಟ್‌ಗೆ 8 ರೂಪಾಯಿ ಹಿಡಿಯುತ್ತೇನೆ. ನಿಮ್ಮ ಜೆಸ್ಕಾಂ ಬಿಲ್ಲಿನಲ್ಲಿರುವ ದರ ಹಾಕಿಕೊಂಡು ಗುಣಿಸಿ.

ಮೊದಲ ಅಚ್ಚರಿ ಟ್ಯೂಬ್‌ಲೈಟ್. 40 ವ್ಯಾಟಿನ ಹಳೆಯ ಟ್ಯೂಬು ಚೋಕ್ ಸೇರಿ 50 ವ್ಯಾಟ್ ಮೀರುತ್ತದೆ. ಅದೇ ಬೆಳಕಿಗೆ ಎಲ್‌ಇಡಿ ಪಟ್ಟಿಗೆ 20 ವ್ಯಾಟ್ ಸಾಕು. ಎಂಟು ಟ್ಯೂಬಿಗೆ ದಿನಕ್ಕೆ ಎರಡೂವರೆ ಯೂನಿಟ್, ವರ್ಷಕ್ಕೆ ಆರು ಸಾವಿರ ರೂಪಾಯಿಯ ಸುಮಾರು ಉಳಿತಾಯ. ಹಾಕಿದ ದುಡ್ಡು ವರ್ಷದೊಳಗೇ ಕೈಸೇರುತ್ತದೆ. ಆದರೆ ಕನ್ನಡಿಯ ಸುತ್ತ ಅಗ್ಗದ ಎಲ್‌ಇಡಿ ಹಾಕಬೇಡಿ. ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂದು ಹೇಳುವ ಸಿಆರ್‌ಐ ಎಂಬ ಅಂಕಿ ಡಬ್ಬದ ಮೇಲೆ ಇರುತ್ತದೆ, ಅದು 90 ಅಥವಾ ಹೆಚ್ಚಿರಲಿ. ಬೆಳಕಿನ ಬಣ್ಣ 4000 ಕೆಲ್ವಿನ್ ಆಸುಪಾಸು ಇರಲಿ. ಸಿಆರ್‌ಐ ಕಡಿಮೆಯಿದ್ದರೆ ಒಳಗೆ ಸರಿಯಾಗಿ ಕಂಡ ಫೌಂಡೇಶನ್ ಕಲ್ಯಾಣಮಂಟಪದಲ್ಲಿ ಬೂದಿ ಬಳಿದಂತೆ ಕಾಣುತ್ತದೆ, ಹೇರ್ ಕಲರ್‌ನ ಕೆಂಪು ಛಾಯೆ ತಿಳಿಯುವುದೇ ಇಲ್ಲ. ಐದು ರೂಪಾಯಿ ಕರೆಂಟ್ ಉಳಿಸಿ ಗಿರಾಕಿಯನ್ನು ಕಳೆದುಕೊಂಡ ಹಾಗಾಗುತ್ತದೆ.

ಎರಡನೆಯದು ಫ್ಯಾನ್. ಹಳೆಯದು 75 ವ್ಯಾಟ್, ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್. ನಾಲ್ಕನ್ನೂ ಬದಲಿಸಿದರೆ ವರ್ಷಕ್ಕೆ ಸುಮಾರು 4,500 ರೂಪಾಯಿ ಉಳಿಯುತ್ತದೆ, ಮೂರು ವರ್ಷದೊಳಗೆ ಫ್ಯಾನಿನ ಬೆಲೆ ಬರುತ್ತದೆ. ಇದಕ್ಕೆ ರಿಮೋಟ್ ಇರುವುದರಿಂದ ಗೋಡೆಯ ಹಳೆ ರೆಗ್ಯುಲೇಟರ್ ತೆಗೆಸಿ ನೇರ ಸ್ವಿಚ್ಚು ಕೊಡಿಸಬೇಕು. ರೆಗ್ಯುಲೇಟರ್ ಮೂಲಕವೇ ಓಡಿಸಿದರೆ ಫ್ಯಾನಿನೊಳಗಿನ ಬೋರ್ಡ್ ಹಾಳಾಗುವುದುಂಟು.

ಎಸಿ ಬಿಲ್ಲಿನ ದೊಡ್ಡ ಪಾಲು ನುಂಗುತ್ತದೆ ನಿಜ, ಆದರೆ ಬದಲಿಸುವ ಸಾಲಿನಲ್ಲಿ ಅದು ಮೊದಲಲ್ಲ. ನಮ್ಮ ಪಾರ್ಲರ್‌ನಲ್ಲಿ ಹಳೆಯ ಎಸಿ ಬೇಸಿಗೆಯಲ್ಲಿ ದಿನಕ್ಕೆ ಒಂಬತ್ತೂವರೆ ಯೂನಿಟ್ ತಿಂದರೆ ಐದು ಸ್ಟಾರಿನ ಇನ್ವರ್ಟರ್ ಎಸಿ ಆರು ತಿನ್ನುತ್ತದೆ. ಉಳಿತಾಯ ಚೆನ್ನಾಗಿದೆ, ಹೊಸ ಎಸಿಯ ಬೆಲೆ ಇನ್ನೂ 'ಚೆನ್ನಾಗಿದೆ'. ಚೆನ್ನಾಗಿ ಓಡುತ್ತಿರುವ ಎಸಿಯನ್ನು ಉಳಿತಾಯಕ್ಕೆಂದೇ ಎಸೆಯಬೇಡಿ, ಅದು ತಾನಾಗಿ ಕೆಟ್ಟಾಗ ಐದು ಸ್ಟಾರ್ ತನ್ನಿ. ಕೊಳ್ಳುವಾಗ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತದೆ. ಆ ಅಂಕಿ ವರ್ಷಕ್ಕೆ 1,600 ಗಂಟೆಯ ಬಳಕೆಗೆ ಹಾಕಿದ್ದು. ದಿನಕ್ಕೆ ಎಂಟು ಗಂಟೆಯಂತೆ ಎಂಟು ತಿಂಗಳು ಓಡಿಸುವ ಪಾರ್ಲರ್‌ಗೆ ಅದು ಹೆಚ್ಚೂಕಡಿಮೆ ನೇರವಾಗಿ ಹೊಂದುತ್ತದೆ. ಇಲ್ಲಿನ ಬಿಸಿಲಿಗೆ ಸ್ವಲ್ಪ ಮೇಲೆ ಹಿಡಿಯಿರಿ. ಅಲ್ಲಿಯವರೆಗೆ ಹೊರಗಿನ ಯೂನಿಟ್ ಪಡುವಣ ಗೋಡೆಯಲ್ಲಿದ್ದರೆ ಅದರ ಮೇಲೆ ನೆರಳು ಮಾಡಿ, ಬಿಸಿಗಾಳಿ ಹೊರಹೋಗುವ ಮುಂಭಾಗ ಮಾತ್ರ ಮುಚ್ಚಬಾರದು. ಒಳಗಿನ ಜಾಳಿಗೆಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ಪಾರ್ಲರ್‌ನಲ್ಲಿ ಕತ್ತರಿಸಿದ ಕೂದಲಿನ ಚೂರು, ಪೌಡರ್, ಸ್ಪ್ರೇಯ ಅಂಟು ಎಲ್ಲ ಸೇರಿ ಜಾಳಿಗೆಯ ಮೇಲೆ ಕಂಬಳಿಯಂತೆ ಕೂರುತ್ತವೆ.

ಇನ್ನು ಬಿಸಿನೀರು. ಇದಕ್ಕೊಂದು ಸುಲಭ ಸೂತ್ರವಿದೆ: ಎಷ್ಟು ಲೀಟರ್, ಎಷ್ಟು ಡಿಗ್ರಿ ಏರಿಸಬೇಕು, ಎರಡನ್ನೂ ಗುಣಿಸಿ 860ರಿಂದ ಭಾಗಿಸಿದರೆ ಬೇಕಾಗುವ ಯೂನಿಟ್ ಸಿಗುತ್ತದೆ. ಒಂದು ಹೇರ್ ವಾಶ್‌ಗೆ ಹದವಾದ ನೀರು 15 ಲೀಟರ್ ಹಿಡಿಯಿರಿ. ದಿನಕ್ಕೆ ಹನ್ನೆರಡು ತಲೆ, ಜೊತೆಗೆ ಪೆಡಿಕ್ಯೂರ್ ಟಬ್ಬು ಸೇರಿ 40 ಡಿಗ್ರಿಯ ನೀರು 200 ಲೀಟರ್ ಆಯಿತು. ಜನವರಿಯಲ್ಲಿ ಟ್ಯಾಂಕಿನ ನೀರು 24 ಡಿಗ್ರಿ ಇದ್ದರೆ 16 ಡಿಗ್ರಿ ಏರಿಸಬೇಕು: 200 ಗುಣಿಸು 16, ಭಾಗಿಸು 860, ಅಂದರೆ 3.7 ಯೂನಿಟ್. ಗೀಸರ್ ದಿನವಿಡೀ ಹಚ್ಚಿಟ್ಟರೆ ಸುಮ್ಮನೆ ಬಿಸಿ ಆರಿಹೋಗುವುದಕ್ಕೆ ಇನ್ನೂ ಮುಕ್ಕಾಲು ಯೂನಿಟ್ ಸೇರಿಸಿ. ಏಪ್ರಿಲ್‌ನಲ್ಲಿ ಅದೇ ನೀರು 36 ಡಿಗ್ರಿಯಲ್ಲೇ ಇಳಿದರೆ ಒಂದು ಯೂನಿಟ್ ಸಹ ಬೇಡ. ಹಾಗಾಗಿ ಮಾರ್ಚ್‌ನಿಂದ ಮೇವರೆಗೆ ಸೋಲಾರ್ ನಿಮಗೆ ಏನನ್ನೂ ಉಳಿಸುವುದಿಲ್ಲ, ಗೀಸರ್ ಸ್ವಿಚ್ಚು ಆರಿಸಿದರೆ ಅದೇ ಉಳಿತಾಯ ಪುಕ್ಕಟೆ. ಸೋಲಾರ್‌ನ ದುಡಿಮೆ ನವೆಂಬರ್‌ನಿಂದ ಫೆಬ್ರವರಿವರೆಗೆ, ಆಮೇಲೆ ಮೋಡ ಬಿಟ್ಟುಕೊಟ್ಟಷ್ಟು ಮಳೆಗಾಲದಲ್ಲಿ. ಒಟ್ಟು ವರ್ಷಕ್ಕೆ 700 ಯೂನಿಟ್ ಆಸುಪಾಸು, ಐದೂವರೆ ಸಾವಿರ ರೂಪಾಯಿ.

ಅಳತೆಯಲ್ಲಿ ಹೆಚ್ಚಿನವರು ಮೋಸಹೋಗುವುದು ಇಲ್ಲೇ. 200 ಲೀಟರ್ ಬಳಕೆ ಎಂದು ಹೇಳಿದರೆ ಅಂಗಡಿಯವರು 200 ಲೀಟರಿನ ಸೋಲಾರ್ ತೋರಿಸುತ್ತಾರೆ. ಆದರೆ ಸೋಲಾರ್ ಟ್ಯಾಂಕಿನಿಂದ ಬರುವುದು 60 ಡಿಗ್ರಿ ನೀರು, ತಲೆಗೆ ಹಾಕುವುದು 40 ಡಿಗ್ರಿಯದು. 24 ಡಿಗ್ರಿಯ ತಣ್ಣೀರು ಬೆರೆಸಿ 200 ಲೀಟರ್ ಹದ ಮಾಡಲು 60 ಡಿಗ್ರಿಯದು 90 ಲೀಟರ್ ಸಾಕು. ಅಂದರೆ 100 ಲೀಟರಿನ ಸೋಲಾರ್ ಈ ಪಾರ್ಲರ್‌ಗೆ ಧಾರಾಳ. ಪೈಪು, ಕೂಲಿ ಎಲ್ಲ ಸೇರಿ 30 ಸಾವಿರ ತಗುಲಿದರೆ ಐದಾರು ವರ್ಷಕ್ಕೆ ದುಡ್ಡು ಬಂತು. ದೊಡ್ಡದು ಹಾಕಿಸಿದರೆ ಉಳಿತಾಯ ಅಷ್ಟೇ, ಕಾಯುವ ವರ್ಷ ಮಾತ್ರ ಹೆಚ್ಚು. ಬಾಡಿಗೆ ಕರಾರು ಮೂರೇ ವರ್ಷದ್ದಾದರೆ ಸೋಲಾರ್ ಬಿಚ್ಚಿಕೊಂಡು ಹೋಗುವ ಹಕ್ಕು ಯಾರದು ಎಂಬುದನ್ನು ಮಾಲೀಕರ ಹತ್ತಿರ ಮೊದಲೇ ಬರೆಸಿಕೊಳ್ಳಿ.

100 ಲೀಟರ್ ಸಾಲುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮಾಳಿಗೆಯಿಂದ ಬೇಸಿನ್‌ವರೆಗಿನ ಪೈಪು. ಎರಡು ಮಹಡಿ ಇಳಿದು ಗೋಡೆ ಸುತ್ತಿ ಬರುವ ಹೊತ್ತಿಗೆ 20 ಮೀಟರ್ ಆಗಿಬಿಡುತ್ತದೆ. ಮುಕ್ಕಾಲು ಇಂಚಿನ ಪೈಪಿನಲ್ಲಿ ಅಷ್ಟು ಉದ್ದಕ್ಕೆ ಐದು ಲೀಟರ್ ನೀರು ನಿಂತಿರುತ್ತದೆ. ಎರಡು ತಲೆಗಳ ನಡುವೆ ಮುಕ್ಕಾಲು ಗಂಟೆ ಬಿಡುವಾದರೆ ಅದು ತಣ್ಣಗಾಗುತ್ತದೆ, ಹುಡುಗಿ ನಲ್ಲಿ ಬಿಟ್ಟು ಬಿಸಿ ಬರುವವರೆಗೆ ಕಾಯುತ್ತಾಳೆ, ಆ ಐದು ಲೀಟರ್ ಮೋರಿಗೆ. ಹನ್ನೆರಡು ಸಲ ಹೀಗಾದರೆ 60 ಲೀಟರ್. ನೂರರಲ್ಲಿ ಅರವತ್ತು ಪೈಪಿನಲ್ಲೇ ಹೋದ ಮೇಲೆ ಸಂಜೆಗೆ ನೀರು ತಣ್ಣಗೆ ಬಂದರೆ ಸೋಲಾರ್‌ಗೆ ಬೈದು ಪ್ರಯೋಜನವಿಲ್ಲ. ಬೇಸಿನ್ ಒಂದೇ ಇದ್ದು ಮೇಲಿನಿಂದ ನೀರಿನ ಒತ್ತಡ ಚೆನ್ನಾಗಿದ್ದರೆ ಬಿಸಿನೀರಿನ ಪೈಪು ಅರ್ಧ ಇಂಚಿನದೇ ಇರಲಿ, ನಿಲ್ಲುವ ನೀರು ಅರ್ಧವಾಗುತ್ತದೆ. ಪೈಪು ಸಿಪಿವಿಸಿಯದಾಗಿರಬೇಕು, ತಣ್ಣೀರಿನ ಬಿಳಿ ಪಿವಿಸಿ ಮೆತ್ತಗಾಗಿ ಜಾಯಿಂಟ್ ಬಿಚ್ಚುತ್ತದೆ. ಅದರ ಮೇಲೆ ಫೋಮ್ ತೋಳು ತೊಡಿಸಿ, ಬಿಸಿಲಿಗೆ ಬೀಳುವ ಕಡೆ ಫೋಮ್ ಪುಡಿಯಾಗದಂತೆ ಅಲ್ಯೂಮಿನಿಯಂ ಟೇಪ್ ಸುತ್ತಿ.

ಇನ್ನೊಂದು ದಾರಿ, ಸೋಲಾರ್ ನೀರನ್ನು ಬೇಸಿನ್ ಪಕ್ಕದ ಹಳೆಯ ಗೀಸರಿನ ಒಳಹರಿವಿಗೇ ಕೊಡುವುದು. ಮೊದಲು ಬರುವ ತಣ್ಣೀರು ಗೀಸರಿನೊಳಗಿನ ಬಿಸಿನೀರಿಗೆ ಬೆರೆಯುತ್ತದೆ, ಮೋರಿಗೆ ಹೋಗುವುದಿಲ್ಲ. ಥರ್ಮೋಸ್ಟಾಟ್ 45ಕ್ಕೆ ಇಟ್ಟರೆ ಮೋಡದ ದಿನ ಮಾತ್ರ ಗೀಸರ್ ಹೊತ್ತಿಕೊಳ್ಳುತ್ತದೆ. ಮಾಳಿಗೆಯ ಸೋಲಾರ್ ಟ್ಯಾಂಕಿನೊಳಗೇ ಕಾಯಿಲ್ ಹಾಕಿಸಿದರೆ 15 ಲೀಟರ್ ಬೇಕಾದಾಗಲೂ ನೂರು ಲೀಟರ್ ಕಾಯಿಸುತ್ತೀರಿ. ರಾತ್ರಿ ಮರೆತು ಬಿಟ್ಟರೆ ಬೆಳಗಿನ ಸೂರ್ಯನಿಗೆ ಕಾಯಿಸಲು ಏನೂ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಸೋಲಾರ್ ನೀರು 70 ಡಿಗ್ರಿ ದಾಟುವುದರಿಂದ ಬೇಸಿನ್ ಹತ್ತಿರ ಬಿಸಿನೀರು ತಣ್ಣೀರನ್ನು ತಾನೇ ಹದಕ್ಕೆ ಬೆರೆಸುವ ಥರ್ಮೋಸ್ಟಾಟಿಕ್ ಮಿಕ್ಸರ್ ಹಾಕಿಸಲೇಬೇಕು. ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದ ಗಿರಾಕಿಯ ನೆತ್ತಿ ಸುಟ್ಟರೆ ಯಾವ ಉಳಿತಾಯವೂ ಅದನ್ನು ತುಂಬಿಕೊಡುವುದಿಲ್ಲ.

ಸೋಲಾರ್ ಗಾಜಿನ ಕೊಳವೆಯದೋ ತಾಮ್ರದ ಪೈಪಿನ ಚಪ್ಪಟೆ ಪ್ಯಾನೆಲಿನದೋ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ನೀರಿನಲ್ಲಿದೆ. ಬೋರ್ ನೀರು ಗಡಸಾಗಿದ್ದರೆ ತಾಮ್ರದ ಸಣ್ಣ ಪೈಪುಗಳೊಳಗೆ ಸುಣ್ಣ ಕಟ್ಟಿ ಹರಿವು ನಿಲ್ಲುತ್ತದೆ. ಒಳ್ಳೆಯ ಬಿಸಿಲಿದ್ದೂ ಪ್ಯಾನೆಲ್‌ನಿಂದ ಟ್ಯಾಂಕಿಗೆ ಹೋಗುವ ಪೈಪು ತಣ್ಣಗಿದ್ದರೆ ಅದೇ ಗುರುತು. ಅಗಲ ಬಾಯಿಯ ಗಾಜಿನ ಕೊಳವೆ ಸುಣ್ಣವನ್ನು ಹೆಚ್ಚು ತಡೆದುಕೊಳ್ಳುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ತೊಳೆದರಾಯಿತು. ಕೊಳವೆಯ ತುದಿಯಲ್ಲಿ ಬೆಳ್ಳಿ ಬಣ್ಣದ ಲೇಪ ಕಾಣುತ್ತದಲ್ಲ, ಅದು ಹಾಲಿನಂತೆ ಬೆಳ್ಳಗಾದರೆ ಒಳಗಿನ ನಿರ್ವಾತ ಹೋಗಿದೆ ಎಂದರ್ಥ, ಆ ಒಂದು ಕೊಳವೆ ಬದಲಿಸಿ. ಗಂಗಾವತಿ, ಆನೆಗೊಂದಿ ಕಡೆಯವರ ಮಾತು ಬೇರೆ, ಅಲ್ಲಿ ಕೋತಿಗಳಿಗಾಗಿಯೇ ಗಟ್ಟಿ ಗಾಜಿನ ಚಪ್ಪಟೆ ಪ್ಯಾನೆಲ್ ಹಾಕಿಸಬೇಕಾಗುತ್ತದೆ. ಆಗ ಗಡಸು ನೀರು ತಾಮ್ರಕ್ಕೆ ತಾಗದಂತೆ ಹೀಟ್ ಎಕ್ಸ್‌ಚೇಂಜರ್ ಇರುವುದನ್ನೇ ಕೇಳಿ.

ನಮ್ಮೂರುಗಳಲ್ಲಿ ಗಾಜಿನ ಕೊಳವೆ ಒಡೆಯುವುದು ಕಲ್ಲಿಗಿಂತ ಖಾಲಿ ಟ್ಯಾಂಕಿನಿಂದ. ನಲ್ಲಿ ನೀರು ಎರಡು ದಿನ ಬರಲಿಲ್ಲ, ಸೋರುತ್ತಿದ್ದ ಒಂದು ನಲ್ಲಿಯಿಂದ ಸೋಲಾರ್ ಟ್ಯಾಂಕೂ ಬರಿದಾಯಿತು. ಒಣ ಕೊಳವೆಗಳು ಬಿಸಿಲಿಗೆ ಕಾದು ಕೆಂಡವಾಗಿವೆ. ಮಧ್ಯಾಹ್ನ ಹನ್ನೆರಡಕ್ಕೆ ನೀರು ಬಂತೆಂದು ಪಂಪ್ ಹಾಕಿದಿರಿ, ತಣ್ಣೀರು ಬಿದ್ದ ಕೂಡಲೇ ಟಪ್ ಟಪ್ ಎಂದು ಒಂದೊಂದೇ ಒಡೆಯುತ್ತವೆ. ಇದಕ್ಕೆ ಉಪಾಯ ಸೋಲಾರ್‌ಗೆ ಹೋಗುವ ತಣ್ಣೀರಿನ ಪೈಪಿನ ವಾಲ್ವ್. ಬರಿದಾದದ್ದು ಗೊತ್ತಾದರೆ ಮೊದಲು ಅದನ್ನು ಮುಚ್ಚಿ, ಕೊಳವೆಗಳ ಮೇಲೆ ಗೋಣಿ ಹೊದಿಸಿ, ಮರುದಿನ ಸೂರ್ಯ ಹುಟ್ಟುವ ಮುಂಚೆ ತೆರೆಯಿರಿ. ಆ ವಾಲ್ವ್ ಎಲ್ಲಿದೆ ಎಂದು ಪ್ಲಂಬರ್ ಹೋಗುವ ಮೊದಲು ತೋರಿಸಿಕೊಳ್ಳಿ, ಅದಕ್ಕೆ ಕೆಂಪು ಬಣ್ಣ ಬಳಿದಿಡಿ.