ದ್ರವ ಆಕ್ಸಿಜನ್ ಮ್ಯಾಗ್ನೆಟ್‌ಗೆ ಯಾಕೆ ಅಂಟುತ್ತದೆ, ಹೀಲಿಯಂ ಯಾಕೆ ಜೋಡಿಯಾಗುವುದಿಲ್ಲ

ಬಲವಾದ ಮ್ಯಾಗ್ನೆಟ್‌ನ ಎರಡು ಧ್ರುವಗಳ ನಡುವೆ ದ್ರವ ನೈಟ್ರೋಜನ್ ಸುರಿದರೆ ಅದು ಸುಮ್ನೆ ಕೆಳಗೆ ಬಿದ್ದು ಹೋಗುತ್ತದೆ. ಅದೇ ಜಾಗದಲ್ಲಿ ದ್ರವ ಆಕ್ಸಿಜನ್ ಸುರಿದು ನೋಡಿ. ತಿಳಿ ನೀಲಿ ಬಣ್ಣದ ಆ ದ್ರವ ಎರಡು ಧ್ರುವಗಳ ನಡುವೆ ಸೇತುವೆ ಕಟ್ಟಿದ ಹಾಗೆ ನಿಂತುಬಿಡುತ್ತದೆ. ಅಲ್ಲೇ ಕುದಿಯುತ್ತಾ, ಹೊಗೆಯಾಡುತ್ತಾ, ಪೂರ್ತಿ ಆವಿಯಾಗುವವರೆಗೂ ಕೆಳಗಿಳಿಯುವುದಿಲ್ಲ. ಆಕ್ಸಿಜನ್ ಕುದಿಯುವುದು −183 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೈಟ್ರೋಜನ್ −196ರಲ್ಲಿ. ಎರಡೂ ಗಾಳಿಯಿಂದಲೇ ಬಂದವು, ಎರಡರಲ್ಲೂ ಪರಮಾಣುಗಳು ಜೋಡಿಯಾಗಿಯೇ ಇರುತ್ತವೆ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಆಕ್ಸಿಜನ್ ಅನಿಲವನ್ನು ಮ್ಯಾಗ್ನೆಟ್ ಎಳೆಯುತ್ತದೆ ಅಂತ ಮೈಕೆಲ್ ಫ್ಯಾರಡೆ 19ನೇ ಶತಮಾನದ ಮಧ್ಯದಲ್ಲೇ ತೋರಿಸಿದ್ದರು. 1891ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜೇಮ್ಸ್ ಡ್ಯೂವಾರ್ ಅದನ್ನು ದ್ರವದಲ್ಲಿ ಮಾಡಿ ನೋಡಿದರು, ದ್ರವ ಹಾರಿ ಹೋಗಿ ಧ್ರುವಗಳಿಗೆ ಅಂಟಿಕೊಂಡಿತು. ಕಣ್ಣಿಗೆ ಕಂಡಿತು, ಆದರೆ ಕಾರಣ ಹೇಳುವವರಿರಲಿಲ್ಲ. ಆಗ ಎಲೆಕ್ಟ್ರಾನ್ ಕೂಡ ಗೊತ್ತಿರಲಿಲ್ಲ.

1916ರಲ್ಲಿ ಗಿಲ್ಬರ್ಟ್ ಲೂಯಿಸ್, ಎರಡು ಪರಮಾಣುಗಳು ಎಲೆಕ್ಟ್ರಾನ್ ಜೋಡಿಗಳನ್ನು ಹಂಚಿಕೊಂಡರೆ ಬಂಧ ಆಗುತ್ತದೆ ಅಂದರು. ತುಂಬಾ ಒಳ್ಳೆಯ ಚಿತ್ರ ಅದು, ಶಾಲೆಯಲ್ಲಿ ನಾವೆಲ್ಲ ಚುಕ್ಕೆ ಇಟ್ಟು ಬರೆದಿದ್ದು ಅದನ್ನೇ. ಆಕ್ಸಿಜನ್‌ಗೆ ಅದನ್ನು ಬರೆದರೆ ಎರಡು ಜೋಡಿ ಹಂಚಿಕೆ ಬರುತ್ತದೆ, ಅಂದರೆ ಡಬಲ್ ಬಾಂಡ್. ಇದು ಸರಿಯೇ. ತೊಂದರೆ ಏನೆಂದರೆ, ಆ ಚಿತ್ರದಲ್ಲಿ ಎಲ್ಲ ಎಲೆಕ್ಟ್ರಾನ್‌ಗಳಿಗೂ ಜೋಡಿ ಸಿಕ್ಕಿಬಿಡುತ್ತದೆ. ಪ್ರತಿ ಎಲೆಕ್ಟ್ರಾನ್ ಒಂದು ಪುಟ್ಟ ಮ್ಯಾಗ್ನೆಟ್, ಜೋಡಿಯಲ್ಲಿ ಇಬ್ಬರೂ ಎದುರುಬದುರು ತಿರುಗಿರುವುದರಿಂದ ಒಬ್ಬರದನ್ನು ಇನ್ನೊಬ್ಬರು ಅಳಿಸುತ್ತಾರೆ. ಹಾಗಾಗಿ ಆ ಚಿತ್ರದ ಪ್ರಕಾರ ಆಕ್ಸಿಜನ್ ಮ್ಯಾಗ್ನೆಟ್ ಕಡೆ ಬರಲೇಬಾರದು.

ದಾರಿ ತೆರೆದದ್ದು 1920ರ ದಶಕದ ಕೊನೆಯಲ್ಲಿ. ಫ್ರೀಡ್ರಿಕ್ ಹುಂಡ್ ಮತ್ತು ರಾಬರ್ಟ್ ಮಲ್ಲಿಕನ್ ಎಲೆಕ್ಟ್ರಾನ್‌ಗಳನ್ನು ಒಂದೊಂದು ಪರಮಾಣುವಿಗೆ ಕಟ್ಟಿಹಾಕದೆ ಇಡೀ ಅಣುವಿನದ್ದು ಅಂತ ನೋಡಿದರು. ಪರಮಾಣುವಿನಲ್ಲಿ ಎಲೆಕ್ಟ್ರಾನ್ ಅಲೆಯ ಹಾಗೆ ಹರಡಿಕೊಂಡಿರುವ ಜಾಗಕ್ಕೆ ಆರ್ಬಿಟಲ್ ಅನ್ನುತ್ತಾರೆ. ಎರಡು ಪರಮಾಣುಗಳಿಂದ ಒಂದೊಂದು ಆರ್ಬಿಟಲ್ ಕೂಡಿದಾಗ ಯಾವಾಗಲೂ ಎರಡು ಹೊಸ ಆರ್ಬಿಟಲ್ ಹುಟ್ಟುತ್ತವೆ. ಒಂದರಲ್ಲಿ ಅಲೆಗಳು ಸೇರಿ, ಎರಡು ನ್ಯೂಕ್ಲಿಯಸ್‌ಗಳ ನಡುವೆ ಎಲೆಕ್ಟ್ರಾನ್ ಜಾಸ್ತಿ ಇರುತ್ತದೆ, ಅದು ಹಿಡಿದಿಡುತ್ತದೆ. ಇನ್ನೊಂದರಲ್ಲಿ ಅಲೆಗಳು ಒಂದನ್ನೊಂದು ಕಳೆದು ನಡುವೆ ಖಾಲಿ ಬೀಳುತ್ತದೆ, ಅದು ದೂರ ತಳ್ಳುತ್ತದೆ. ಮೊದಲನೆಯದು ಬಾಂಡಿಂಗ್, ಎರಡನೆಯದು ಆಂಟಿಬಾಂಡಿಂಗ್. ಇಡೀ ಕಥೆ ಇರುವುದು ಈ ಎರಡನೆಯದರಲ್ಲಿ.

1929ರಲ್ಲಿ ಜಾನ್ ಲೆನ್ನಾರ್ಡ್-ಜೋನ್ಸ್ ಈ ಲೆಕ್ಕವನ್ನು ಆಕ್ಸಿಜನ್ ಮೇಲೆ ಹಾಕಿದರು. ನಾವೂ ಹಾಕೋಣ. ಎರಡು ಪರಮಾಣುಗಳಿಂದ ಒಟ್ಟು 16 ಎಲೆಕ್ಟ್ರಾನ್. ಒಳಗಿನ 1s, 2s ಮಟ್ಟಗಳಲ್ಲಿ 8 ಕೂರುತ್ತವೆ, ಅಲ್ಲಿ ಹಿಡಿಯುವವು ನಾಲ್ಕು, ತಳ್ಳುವವು ನಾಲ್ಕು, ಲೆಕ್ಕ ಚುಕ್ತಾ. ಉಳಿದ 8ರಲ್ಲಿ 6 ಎಲೆಕ್ಟ್ರಾನ್‌ಗಳು ಅದರ ಮೇಲಿನ 2p ಮಟ್ಟದಿಂದ ಬಂದ ಬಾಂಡಿಂಗ್ ಆರ್ಬಿಟಲ್‌ಗಳನ್ನು ತುಂಬುತ್ತವೆ. ಇನ್ನು ಎರಡು ಉಳಿದವು. ಅವಕ್ಕೆ ಸಿಗುವುದು π* ಅನ್ನುವ ಆಂಟಿಬಾಂಡಿಂಗ್ ಆರ್ಬಿಟಲ್, ಅದೂ ಒಂದಲ್ಲ, ಒಂದೇ ಶಕ್ತಿಯ ಎರಡು. ಸಮಾನ ಮನೆ ಎರಡಿದ್ದಾಗ ಎಲೆಕ್ಟ್ರಾನ್‌ಗಳು ಒಂದೇ ಮನೆಯಲ್ಲಿ ಒತ್ತಿಕೊಳ್ಳದೆ ಬೇರೆ ಬೇರೆ ಕೂರುತ್ತವೆ, ಎರಡರ ಸ್ಪಿನ್, ಅಂದರೆ ಆ ಪುಟ್ಟ ಮ್ಯಾಗ್ನೆಟ್, ಕೂಡ ಒಂದೇ ದಿಕ್ಕಿಗೆ. ಅಳಿಸುವವರು ಯಾರೂ ಇಲ್ಲ. ಮ್ಯಾಗ್ನೆಟ್ ಎಳೆಯುವುದು ಈ ಎರಡನ್ನೇ.

ಬಂಧದ ಲೆಕ್ಕವೂ ಕೆಡುವುದಿಲ್ಲ: ಹಿಡಿಯುವವು 6, ತಳ್ಳುವವು 2, ವ್ಯತ್ಯಾಸದ ಅರ್ಧ 2. ಅದೇ ಡಬಲ್ ಬಾಂಡ್. ನೈಟ್ರೋಜನ್‌ಗೆ ಆ ಕೊನೆಯ ಎರಡು ಎಲೆಕ್ಟ್ರಾನ್ ಇಲ್ಲವೇ ಇಲ್ಲ, ಅದಕ್ಕೇ ಅದು ಬಿದ್ದು ಹೋಗುತ್ತದೆ.

ಈ ಎರಡು ಎಲೆಕ್ಟ್ರಾನ್‌ಗಳು ನಿಜವಾಗಿಯೂ ದೂರ ತಳ್ಳುತ್ತಿವೆ ಅಂತ ಹೇಗೆ ನಂಬುವುದು? ಒಂದನ್ನು ಕಿತ್ತು ನೋಡಬೇಕು. ಸಾಮಾನ್ಯವಾಗಿ ಎಲೆಕ್ಟ್ರಾನ್ ಕಳೆದುಕೊಂಡರೆ ಬಂಧ ಸಡಿಲವಾಗುತ್ತದೆ ಅಂತ ಅನಿಸುತ್ತದೆ, ಅಲ್ವಾ? ಆದರೆ O₂ನಲ್ಲಿ ಪರಮಾಣುಗಳ ನಡುವಿನ ದೂರ ಸುಮಾರು 121 ಪಿಕೋಮೀಟರ್, ಒಂದು ಎಲೆಕ್ಟ್ರಾನ್ ಹೋದ O₂⁺ನಲ್ಲಿ 112. ಬಂಧ ಬಿಗಿಯಾಗಿದೆ!

ಈಗ ಹೀಲಿಯಂ. ಎರಡು ಪರಮಾಣು, ನಾಲ್ಕೇ ಎಲೆಕ್ಟ್ರಾನ್. ಎರಡು ಬಾಂಡಿಂಗ್‌ಗೆ, ಎರಡು ಆಂಟಿಬಾಂಡಿಂಗ್‌ಗೆ. ಸೊನ್ನೆ. ಬರೀ ಸೊನ್ನೆಯೂ ಅಲ್ಲ, ಯಾಕೆಂದರೆ ಬಾಂಡಿಂಗ್ ಆರ್ಬಿಟಲ್‌ನ ಶಕ್ತಿ ಎಷ್ಟು ಕೆಳಗಿಳಿಯುತ್ತದೋ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಆಂಟಿಬಾಂಡಿಂಗ್‌ನದು ಮೇಲೇರುತ್ತದೆ. ಎರಡೂ ತುಂಬಿದರೆ ಒಟ್ಟಿನಲ್ಲಿ ನಷ್ಟ, ಹತ್ತಿರ ಬಂದ ಪರಮಾಣುಗಳು ದೂರ ಸರಿಯುತ್ತವೆ. −269 ಡಿಗ್ರಿಯಲ್ಲಿ ಹೀಲಿಯಂ ದ್ರವವಾಗುವುದು ತೀರಾ ಕ್ಷೀಣವಾದ ಬೇರೊಂದು ಸೆಳೆತದಿಂದ, ಇಂಥ ಬಂಧದಿಂದಲ್ಲ.

ಇಲ್ಲೂ ಒಂದು ಎಲೆಕ್ಟ್ರಾನ್ ಕಿತ್ತು ನೋಡಬಹುದು. ಆಗ ಹಿಡಿಯುವವು ಎರಡು, ತಳ್ಳುವುದು ಒಂದು, ಅರ್ಧ ಬಂಧ ಉಳಿಯುತ್ತದೆ. ಹಾಗೇ ಆಗುತ್ತದೆ ಕೂಡ: ಹೀಲಿಯಂ ಅನಿಲದಲ್ಲಿ ವಿದ್ಯುತ್ ಹಾಯಿಸಿದಾಗ He₂⁺ ಅನ್ನುವ ಜೋಡಿ ನಿಜವಾಗಿ ಹುಟ್ಟುತ್ತದೆ, ಎರಡು ನ್ಯೂಕ್ಲಿಯಸ್‌ಗಳ ನಡುವೆ ಸುಮಾರು 108 ಪಿಕೋಮೀಟರ್ ದೂರ. ಕಳೆದುಕೊಂಡ ಎಲೆಕ್ಟ್ರಾನ್ ವಾಪಸ್ ಬಂದು ಆಂಟಿಬಾಂಡಿಂಗ್‌ನಲ್ಲಿದ್ದ ತನ್ನ ಜಾಗಕ್ಕೇ ಕೂತರೆ, ಜೋಡಿ ಮತ್ತೆ ಎರಡು ಒಂಟಿ ಪರಮಾಣುಗಳಾಗಿ ಬಿಟ್ಟುಹೋಗುತ್ತದೆ.